11,730 ರಿಯಾಲಿನ ಬಿಲ್ಲು: ಲಾರಿ ತಡವಾದ ದಿನಗಳ ಲೆಕ್ಕ

(ದಮ್ಮಾಮಿನಲ್ಲಿ ನಮ್ಮ ಸದಸ್ಯರ ಶುಕ್ರವಾರದ ಕೂಟದಲ್ಲಿ ಮಾಡಿದ ಮಾತು. ಪತ್ರಿಕೆಗಾಗಿ ಸ್ವಲ್ಪ ತಿದ್ದಿ ಬರೆದದ್ದು.)



ನಾನು ಭಾಷಣ ಮಾಡಿ ಅಭ್ಯಾಸ ಇಲ್ಲದವನು. ಊರಲ್ಲಿ ಬಿ.ಕಾಂ. ಮುಗಿಸಿ ಇಲ್ಲಿಗೆ ಬಂದವನು, ಇಷ್ಟು ವರ್ಷ ಲೆಕ್ಕ ಬರೆಯುವುದೇ ಕೆಲಸ. ಹಾಗಾಗಿ ಒಂದು ಲೆಕ್ಕವನ್ನೇ ಹೇಳುತ್ತೇನೆ. ಇಲ್ಲಿ ಕೂತವರಲ್ಲಿ ಟ್ರೈಲರ್ ಓಡಿಸುವವರಿದ್ದೀರಿ, ಸ್ಟೋರ್ ಕೀಪರ್‌ಗಳಿದ್ದೀರಿ, ಕ್ಲಿಯರಿಂಗ್ ಆಫೀಸಿನಲ್ಲಿ ಇರುವವರೂ ಇದ್ದೀರಿ. ಬಂದರಿನಿಂದ ಕಂಟೇನರ್ ತರಲು ಲಾರಿ ತಡವಾಗಿ, ಫ್ಯಾಕ್ಟರಿ ಡೆಮರೇಜ್ ಕಟ್ಟಬೇಕಾಗಿ ಬಂದರೆ ಆ ಹಣವನ್ನು ಟ್ರಾನ್ಸ್‌ಪೋರ್ಟ್ ಕಂಪೆನಿಯಿಂದ ವಾಪಸ್ ಕೇಳುವುದು ಹೇಗೆ, ಎಷ್ಟು ಕೇಳಬಹುದು ಎಂಬುದೇ ವಿಷಯ. ಇದರಲ್ಲಿ ನನ್ನ ತಪ್ಪೂ ಉಂಟು, ಅದನ್ನೂ ಹೇಳುತ್ತೇನೆ. ಕಂಪೆನಿಗಳ ಹೆಸರು ಮಾತ್ರ ಹೇಳುವುದಿಲ್ಲ.

ಕೇಸು 2024ರ ಅಕ್ಟೋಬರ್ ತಿಂಗಳಿನದು. ನಮ್ಮದು ಕಾರ್ಟನ್ ಬಾಕ್ಸ್ ಮಾಡುವ ಫ್ಯಾಕ್ಟರಿ. ಕ್ರಾಫ್ಟ್ ಪೇಪರಿನ ದೊಡ್ಡ ರೋಲುಗಳು ಹೊರದೇಶದಿಂದ ಹಡಗಿನಲ್ಲಿ ದಮ್ಮಾಮಿನ ಕಿಂಗ್ ಅಬ್ದುಲ್ ಅಝೀಝ್ ಬಂದರಿಗೆ ಬರುತ್ತವೆ. ಆ ಸಲ ಬಂದದ್ದು 40 ಅಡಿಯ 8 ಕಂಟೇನರ್. ಬಂದರಿನಿಂದ ಫ್ಯಾಕ್ಟರಿಗೆ ತಂದು, ಖಾಲಿ ಮಾಡಿ, ಖಾಲಿ ಕಂಟೇನರನ್ನು ಹಡಗು ಕಂಪೆನಿಯ ಡಿಪೋಗೆ ಮುಟ್ಟಿಸುವ ಕೆಲಸ ಒಂದು ಟ್ರಾನ್ಸ್‌ಪೋರ್ಟ್ ಕಂಪೆನಿಗೆ ವರ್ಷದ ಕರಾರಿನ ಮೇಲೆ ಕೊಟ್ಟಿದ್ದೆವು. ಒಂದು ಟ್ರಿಪ್ಪಿಗೆ 650 ರಿಯಾಲ್.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ನಾವು ಎಲ್ಲದಕ್ಕೂ ಡೆಮರೇಜ್ ಅಂತಲೇ ಹೇಳುವುದು. ನಿಜಕ್ಕೂ ಅಲ್ಲಿ ಮೂರು ಮೀಟರ್ ಬೇರೆ ಬೇರೆಯಾಗಿ ಓಡುತ್ತಾ ಇರುತ್ತದೆ. ಬಂದರಿನ ಜಾಗ ಉಪಯೋಗಿಸಿದ್ದಕ್ಕೆ ಬಂದರಿನವರ ಮೀಟರ್ ಒಂದು. ಕಂಟೇನರ್ ಎಂಬ ಪೆಟ್ಟಿಗೆ ಹಡಗು ಕಂಪೆನಿಯದ್ದಲ್ಲವೇ, ಅದನ್ನು ಹೆಚ್ಚು ದಿನ ಇಟ್ಟುಕೊಂಡದ್ದಕ್ಕೆ ಅವರ ಮೀಟರ್ ಇನ್ನೊಂದು. ಲಾರಿಯನ್ನು ಫ್ಯಾಕ್ಟರಿ ಗೇಟಿನಲ್ಲಿ ನಿಲ್ಲಿಸಿಕೊಂಡರೆ ಲಾರಿಯವರ ಹಾಲ್ಟಿಂಗ್ ಮೀಟರ್ ಮೂರನೆಯದು. ಮೊದಲ ಎರಡು ನಾವು ಕೊಡಬೇಕಾದ್ದು, ತಪ್ಪು ಲಾರಿಯವರದ್ದಾದರೆ ಅವರಿಂದ ಕೇಳಬಹುದು. ಮೂರನೆಯದು ಅವರು ನಮ್ಮಿಂದ ಕೇಳುವುದು. ಕ್ಲೇಮ್ ಬರೆಯಲು ಕೂತವ ಈ ಮೂರನೆಯದನ್ನು ಮರೆತೇ ಬಿಡುತ್ತಾನೆ. ನಾನೂ ಮರೆತಿದ್ದೆ.

ನಮ್ಮ ಕೇಸಿನಲ್ಲಿ ಬಂದರಿನ ಮೀಟರ್ ಏಳಲಿಲ್ಲ, ಅವರ ಫ್ರೀ ದಿನಗಳು ಮುಗಿದಿರಲಿಲ್ಲ. ಎದ್ದದ್ದು ಹಡಗು ಕಂಪೆನಿಯದ್ದು. ನಮ್ಮ ಬುಕ್ಕಿಂಗಿನ ಪ್ರಕಾರ ಕಂಟೇನರ್ ಹಡಗಿನಿಂದ ಇಳಿದ ದಿನ ಸೇರಿಸಿ 10 ದಿನ ಫ್ರೀ. ಅಷ್ಟರೊಳಗೆ ಖಾಲಿ ಕಂಟೇನರ್ ಡಿಪೋ ಸೇರಬೇಕು. ಆಮೇಲೆ ಮೊದಲ 5 ದಿನ ಒಂದು ಕಂಟೇನರಿಗೆ ದಿನಕ್ಕೆ 200 ರಿಯಾಲ್, 6ನೇ ದಿನದಿಂದ 400. ಈ ದರ ಒಂದೊಂದು ಲೈನಿಗೆ ಒಂದೊಂದು ತರ ಇರುತ್ತದೆ, ನಿಮ್ಮ ಕಾಗದ ನೋಡಿಕೊಳ್ಳಿ. ಆದರೆ ಮೊದಲು ಕಡಿಮೆ, ಆಮೇಲೆ ದುಪ್ಪಟ್ಟು ಎಂಬ ಮೆಟ್ಟಿಲು ಹೆಚ್ಚಾಗಿ ಇದ್ದೇ ಇರುತ್ತದೆ. ಶುಕ್ರವಾರಕ್ಕೂ ಬಿಡುವು ಇಲ್ಲ, ಮೀಟರ್ ಓಡುತ್ತಲೇ ಇರುತ್ತದೆ.

ಕಂಟೇನರುಗಳು ಇಳಿದದ್ದು ಅಕ್ಟೋಬರ್ 3, ಗುರುವಾರ. ಅಂದರೆ 12ನೇ ತಾರೀಕು ಶನಿವಾರದ ತನಕ ಫ್ರೀ. 7ಕ್ಕೆ ಕಸ್ಟಮ್ಸ್ ಕೆಲಸ ಮುಗಿಯಿತು. ಹಡಗು ಕಂಪೆನಿಗೆ ಅವರ ಚಾರ್ಜ್ ಕಟ್ಟಿ ಡೆಲಿವರಿ ಆರ್ಡರ್, ಅಂದರೆ ನಾವು ಡಿ.ಓ. ಅನ್ನುತ್ತೇವಲ್ಲ, ಅದು ಸಿಕ್ಕಿದ್ದು 9ನೇ ತಾರೀಕು ಬುಧವಾರ. ಅದೇ ಸಂಜೆ ಟ್ರಾನ್ಸ್‌ಪೋರ್ಟಿನವರಿಗೆ ಕಾಗದ ಎಲ್ಲ ಕಳಿಸಿ ಆರ್ಡರ್ ಕೊಟ್ಟೆವು. ಕರಾರಿನಲ್ಲಿ ಬರೆದಿತ್ತು: ಕಾಗದ ಕೈಗೆ ಬಂದ ಮರುದಿನದಿಂದ ದಿನಕ್ಕೆ 4 ಲಾರಿ, ಶುಕ್ರವಾರ ಬಿಟ್ಟು. ಅಂದರೆ 10ನೇ ತಾರೀಕಿಗೆ 4, 12ಕ್ಕೆ ಉಳಿದ 4 ಬರಬೇಕಿತ್ತು.

10ನೇ ತಾರೀಕು ಒಂದು ಲಾರಿಯೂ ಬರಲಿಲ್ಲ. 12ಕ್ಕೆ ಒಂದು ಬಂತು. 13ಕ್ಕೆ ಒಂದು. 14ಕ್ಕೆ ಇಲ್ಲ. 15ಕ್ಕೆ ಎರಡು, 17ಕ್ಕೆ ಎರಡು, ಕೊನೆಯ ಎರಡು 19ಕ್ಕೆ. ಕೊನೆಯ ಖಾಲಿ ಕಂಟೇನರ್ ಡಿಪೋ ಮುಟ್ಟಿದ್ದು 20ನೇ ತಾರೀಕು. ಸ್ಟೋರಿನವರು ದಿನಾ ಫೋನ್ ಮಾಡುವುದು, ಆ ಕಡೆಯ ಸೂಪರ್‌ವೈಸರ್ "ಬುಕ್ರಾ, ಇನ್ಶಾ ಅಲ್ಲಾಹ್" ಹೇಳುವುದು. ಇಲ್ಲಿ ಇರುವ ಎಲ್ಲರಿಗೂ ಆ ಬುಕ್ರಾ ಎಷ್ಟು ಉದ್ದ ಅಂತ ಗೊತ್ತುಂಟು.

ಹಡಗು ಕಂಪೆನಿಯ ಬಿಲ್ಲು ಬಂತು. 10,200 ರಿಯಾಲ್, ಅದರ ಮೇಲೆ ಶೇಕಡಾ 15 ವ್ಯಾಟ್ 1,530, ಒಟ್ಟು 11,730. ಕಟ್ಟದೆ ಇದ್ದರೆ ಮುಂದಿನ ಸಲ ಡಿ.ಓ. ಕೊಡುವುದಿಲ್ಲ, ಹಾಗಾಗಿ ಕಟ್ಟಿದೆವು. ಮುದೀರ್ ಬಿಲ್ಲಿನ ಮೇಲೆಯೇ ಹಸಿರು ಪೆನ್ನಿನಲ್ಲಿ ಬರೆದರು: ಪೂರ್ತಿ ಟ್ರಾನ್ಸ್‌ಪೋರ್ಟಿನವರ ಲೆಕ್ಕದಿಂದ ಕಡಿಯಿರಿ. ನಾನು ಅದೇ ದಿನ 11,730 ರಿಯಾಲಿಗೆ ಕ್ಲೇಮ್ ಪತ್ರ ಟೈಪ್ ಮಾಡಿ ಕಳಿಸಿಬಿಟ್ಟೆ. ಅರ್ಧ ಗಂಟೆಯ ಕೆಲಸ. ಅದೇ ನನ್ನ ತಪ್ಪು.

ಎರಡು ದಿನದಲ್ಲಿ ಉತ್ತರ ಬಂತು, ಒಂದೇ ಸಾಲು. "ನಿಮ್ಮ ಡಿ.ಓ. ತಾರೀಕು 9 ಎಂಬುದನ್ನು ದಯವಿಟ್ಟು ಗಮನಿಸಿ." ಅಷ್ಟೇ.

ಆ ವಾರ ಶುಕ್ರವಾರ ನಮಾಝ್ ಮುಗಿಸಿ ಹೊರಗೆ ಚಪ್ಪಲಿ ಹುಡುಕುತ್ತಿದ್ದೆ. ನಮ್ಮ ಬಂಟ್ವಾಳ ಕಡೆಯ ಒಬ್ಬ ಹುಡುಗ ಹತ್ತಿರ ಬಂದ. ಅವನು ಅದೇ ಟ್ರಾನ್ಸ್‌ಪೋರ್ಟಿನಲ್ಲಿ ಡ್ರೈವರ್. "ಕಾಕ, ನಿಮ್ಮ ಪತ್ರದಿಂದ ನನ್ನ ಸಂಬಳದಲ್ಲಿ 1,500 ಕಟ್ ಮಾಡ್ತೇವೆ ಅಂತ ಹೇಳಿದ್ದಾರೆ. ಇನ್ನೊಬ್ಬನಿಗೂ ಅಷ್ಟೇ. ನಾವೇನು ಮಾಡಿದ್ದು?" ಅಂದ. ನಮ್ಮ ಗೇಟಿಗೆ 17ಕ್ಕೆ ಬಂದ ಎರಡು ಲಾರಿಗಳಲ್ಲಿ ಒಂದು ಅವನದ್ದು. ಅವನ ಮೊಬೈಲಿನಲ್ಲಿ ಡೆಲಿವರಿ ನೋಟಿನ ಫೋಟೋ ಇತ್ತು. ನಮ್ಮ ಸೆಕ್ಯೂರಿಟಿಯವನು ಸಹಿ ಹಾಕಿ ಬರೆದಿದ್ದ: ಒಳಗೆ 17ನೇ ತಾರೀಕು ಮಧ್ಯಾಹ್ನ 2 ಗಂಟೆ, ಹೊರಗೆ 19ನೇ ತಾರೀಕು ಬೆಳಿಗ್ಗೆ 10 ಗಂಟೆ.

ನನಗೆ ನಿಂತಲ್ಲೇ ಬೆವರು ಬಂತು. ಅವನು ತಡ ಮಾಡಿದ್ದಲ್ಲ. ನಾವು ಅವನನ್ನು 44 ಗಂಟೆ ನಿಲ್ಲಿಸಿದ್ದು.

ಶನಿವಾರ ಆಫೀಸಿಗೆ ಹೋಗಿ ಫೈಲ್ ಮೊದಲಿಂದ ತೆಗೆದೆ. ಇಲ್ಲಿಂದ ಮುಂದೆ ನಾನು ಹೇಳುವುದೇ ನಿಜವಾದ ಲೆಕ್ಕ. ಪ್ರಶ್ನೆ ಒಂದೇ: ಲಾರಿಗಳು ಕರಾರಿನ ಪ್ರಕಾರವೇ ಬಂದಿದ್ದರೆ ನಮಗೆ ಎಷ್ಟು ಖರ್ಚಾಗುತ್ತಿತ್ತು? ಈಗ ಆದದ್ದು ಎಷ್ಟು? ನಡುವಿನ ಅಂತರ ಮಾತ್ರ ಅವರದ್ದು. ಬಿಲ್ಲು ಎಷ್ಟು ಬಂತೋ ಅಷ್ಟೂ ಅವರದ್ದು ಅಂತ ಹೇಳಲು ಆಗುವುದಿಲ್ಲ.

ಮೊದಲು ವ್ಯಾಟ್. ನಮ್ಮದು ವ್ಯಾಟ್ ನೋಂದಣಿ ಇರುವ ಕಂಪೆನಿ. ಹಡಗು ಕಂಪೆನಿಗೆ ಕೊಟ್ಟ 1,530 ರಿಯಾಲನ್ನು ನಮ್ಮ ರಿಟರ್ನಿನಲ್ಲಿ ವಾಪಸ್ ಪಡೆದುಕೊಳ್ಳುತ್ತೇವೆ. ಸರಕಾರದಿಂದ ಸಿಕ್ಕಿದ ಹಣ ನಷ್ಟ ಅಲ್ಲ. ಅದನ್ನು ಟ್ರಾನ್ಸ್‌ಪೋರ್ಟಿನವರಿಂದಲೂ ಕೇಳಿದರೆ ಎರಡು ಸಲ ತೆಗೆದುಕೊಂಡಂತೆ. ಅದು ಹೋಯಿತು, ಉಳಿದದ್ದು 10,200. ಇನ್ನೊಂದು ಮಾತು, ನಾವು ಕೇಳುವುದು ನಷ್ಟಪರಿಹಾರ, ಯಾವ ಸೇವೆಯನ್ನೂ ನಾವು ಅವರಿಗೆ ಮಾರುತ್ತಿಲ್ಲ. ಹಾಗಾಗಿ ನಮ್ಮ ಕ್ಲೇಮಿನ ಮೇಲೆ ವ್ಯಾಟ್ ಹಾಕಲಿಕ್ಕೂ ಇಲ್ಲ.

ಎರಡನೆಯದು ಡಿ.ಓ. ತಾರೀಕು. ಇದು ನೇರ ನನ್ನ ಟೇಬಲ್ಲಿಗೆ ಬರುತ್ತದೆ. ಹಡಗು ಕಂಪೆನಿಯ ಚಾರ್ಜಿನ ಬಿಲ್ಲು ನನಗೆ 6ನೇ ತಾರೀಕು ಭಾನುವಾರ ಮಧ್ಯಾಹ್ನ ಬಂದಿತ್ತು. ನಮ್ಮಲ್ಲಿ ಪೇಮೆಂಟ್ ಕಳಿಸುವುದು ಭಾನುವಾರ ಮತ್ತು ಬುಧವಾರ. ಭಾನುವಾರದ ಪಟ್ಟಿ ಆಗಲೇ ಬ್ಯಾಂಕಿಗೆ ಹೋಗಿತ್ತು, ನಾನು ಇದನ್ನು ಬುಧವಾರಕ್ಕೆ ಇಟ್ಟೆ. ಸೋಮವಾರವೇ ಅರ್ಜೆಂಟ್ ಅಂತ ಕಳಿಸಬಹುದಿತ್ತು. ಕಳಿಸಿದ್ದರೆ ಲಾರಿಗಳು 8 ಮತ್ತು 9ಕ್ಕೆ ಬಂದು ಎಲ್ಲ ಕಂಟೇನರ್ ಫ್ರೀ ದಿನದೊಳಗೆ ಡಿಪೋ ಸೇರುತ್ತಿದ್ದವು. ಡಿ.ಓ. 9ಕ್ಕೆ ಬಂದ ಕಾರಣ ಲಾರಿಗಳು ಸಮಯಕ್ಕೆ ಸರಿಯಾಗಿ ಬಂದಿದ್ದರೂ 12ನೇ ತಾರೀಕಿನ 4 ಕಂಟೇನರ್ ಖಾಲಿಯಾಗಿ ಡಿಪೋಗೆ ಹೋಗುವಾಗ 13 ಆಗುತ್ತಿತ್ತು. 4 ಕಂಟೇನರಿಗೆ ಒಂದೊಂದು ದಿನ, 800 ರಿಯಾಲ್. ಅದು ನಮ್ಮದು. ಸರಿಯಾಗಿ ಹೇಳಬೇಕೆಂದರೆ ನನ್ನದು. ಉಳಿದದ್ದು 9,400.

ಮೂರನೆಯದು ಆ 17ನೇ ತಾರೀಕಿನ ಎರಡು ಲಾರಿ. ಗುರುವಾರ ಮಧ್ಯಾಹ್ನ ಅವು ಬಂದಾಗ ನಮ್ಮ ಇಳಿಸುವ ಜಾಗದಲ್ಲಿ ತಯಾರಾದ ಬಾಕ್ಸ್ ಲೋಡ್ ಆಗುತ್ತಿತ್ತು. ರೋಲು ಹಿಡಿಯುವ ಕ್ಲ್ಯಾಂಪ್ ಇರುವ ಫೋರ್ಕ್‌ಲಿಫ್ಟ್ ಒಂದೇ. ನಾಳೆ ನೋಡುವ ಅಂದರು, ನಾಳೆ ಶುಕ್ರವಾರ. ಶನಿವಾರ ಇಳಿಸಿದರು. ಗುರುವಾರ ಸಂಜೆಯೇ ಇಳಿಸಿದ್ದರೆ 18ಕ್ಕೆ ಕಂಟೇನರ್ ಡಿಪೋ ಸೇರುತ್ತಿತ್ತು, ಡಿಪೋ ಶುಕ್ರವಾರವೂ ತೆರೆದಿತ್ತು. ಸೇರಿದ್ದು 19ಕ್ಕೆ. ಆ ಒಂದು ದಿನ ನಮ್ಮದು. ಇಲ್ಲಿ ಒಂದು ಸೂಕ್ಷ್ಮ ಉಂಟು. ಆ ದಿನಕ್ಕೆ 200ರ ದರ ಹಾಕುವುದಾ, 400ರ ದರ ಹಾಕುವುದಾ? ನಮ್ಮ ಸ್ಟೋರ್ ಮ್ಯಾನೇಜರ್ 200 ಹಾಕು ಅಂದರು. ಆದರೆ ಅದು ಫ್ರೀ ಮುಗಿದ ಮೇಲಿನ 7ನೇ ದಿನ. ಆ ದಿನ ಇಲ್ಲದಿದ್ದರೆ ಬಿಲ್ಲಿನಲ್ಲಿ ಕಡಿಮೆಯಾಗುತ್ತಿದ್ದದ್ದು 400. ಹಾಗಾಗಿ ಎರಡು ಕಂಟೇನರಿಗೆ 800. ಉಳಿದದ್ದು 8,600.

ಈ ಮೊತ್ತಕ್ಕೆ ಎರಡನೇ ಪತ್ರ ಬರೆದೆ. ಮುದೀರ್ ಸಿಟ್ಟಾದರು. "ನಿನ್ನ ಸಂಬಳ ಕೊಡುವುದು ನಾನಾ, ಅವರಾ? ನಾವೇ ಯಾಕೆ ಕಡಿಮೆ ಮಾಡಿಕೊಳ್ಳುವುದು?" ನಾನು ಆ ಒಂದು ಸಾಲಿನ ಉತ್ತರ ತೋರಿಸಿದೆ. ನಮ್ಮ ಪತ್ರದಲ್ಲಿ ಒಂದು ಸುಳ್ಳು ದಿನ ಸಿಕ್ಕಿದರೆ ಸಾಕು, ಅವರು ಉಳಿದ ದಿನಗಳ ಬಗ್ಗೆ ಮಾತಾಡುವುದೇ ಬೇಡ. ಡಿ.ಓ. ತಡ ಮಾಡಿದ್ದು ನಾನು ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಆಮೇಲೆ ಸಹಿ ಹಾಕಿದರು. ಆ ಸ್ವಲ್ಪ ಹೊತ್ತು ನನಗೆ ಬಹಳ ಉದ್ದವಾಗಿತ್ತು ಮಾರಾಯ್ರೆ.

ಅವರ ಬಿಲ್ಲಿನಿಂದ ನೇರ ಕಡಿಯುವುದೂ ಬೇಡ ಅಂದೆ. ಅವರಿಗೆ ನಾವು ಕೊಡಬೇಕಾದ ಬಾಡಿಗೆ ಬಾಕಿ ಇತ್ತು ನಿಜ. ಆದರೆ ಎರಡೂ ಕಡೆ ಒಪ್ಪಿದ ಕ್ಲೇಮನ್ನು ಮಾತ್ರ ಬಾಡಿಗೆಯಲ್ಲಿ ಹೊಂದಿಸಬಹುದು ಅಂತ ಕರಾರು ಹೇಳುತ್ತಿತ್ತು. ನಾವೇ ಕಡಿದರೆ ಕರಾರು ಮುರಿದವರು ನಾವಾಗುತ್ತೇವೆ, ಮರುದಿನ ಲಾರಿ ಬರುವುದಿಲ್ಲ.

ಈಗ ಸಾಕ್ಷಿಯ ವಿಷಯ. ಎರಡನೇ ಪತ್ರದ ಜೊತೆ ಒಂದೇ ಪುಟದ ಪಟ್ಟಿ ಇಟ್ಟಿದ್ದೆ. ಒಂದೊಂದು ಕಂಟೇನರಿನ ನಂಬರ್, ಅದು ಬಂದರಿನ ಗೇಟಿನಿಂದ ಹೊರಟ ದಿನ, ನಮ್ಮ ಗೇಟಿಗೆ ಬಂದ ಗಂಟೆ, ಹೋದ ಗಂಟೆ, ಡಿಪೋದವರು ಖಾಲಿ ಕಂಟೇನರ್ ತೆಗೆದುಕೊಂಡು ಕೊಟ್ಟ ರಸೀದಿಯ ದಿನ, ಕೊನೆಗೆ ಯಾವ ದಿನ ಯಾರದ್ದು. ಪ್ರತಿ ಸಾಲಿನ ಹಿಂದೆ ಒಂದೊಂದು ಕಾಗದ. ನಮ್ಮದು ಎಂದು ಒಪ್ಪಿಕೊಂಡ ದಿನಗಳನ್ನೂ ಅದೇ ಪಟ್ಟಿಯಲ್ಲಿ ಬರೆದಿದ್ದೆ.

ಅವರು ಹೇಳಿದ ಮೊದಲ ಕಾರಣ, ಬಂದರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಎಂಬುದು. ಡ್ರೈವರುಗಳಿಗೆ ಗೊತ್ತುಂಟು, ಫಸಹ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಲಾರಿ ನಂಬರ್, ಡ್ರೈವರಿನ ವಿವರ ಹಾಕಿ ಸಮಯ ತೆಗೆದುಕೊಳ್ಳದೆ ಲಾರಿ ಬಂದರಿನ ಒಳಗೆ ಹೋಗುವಂತಿಲ್ಲ. ಈ ಕಾರಣ ಕೆಲವು ಸಲ ನಿಜವೂ ಇರುತ್ತದೆ. ಹಾಗಿದ್ದರೆ ಆ ದಿನಗಳನ್ನು ಲಾರಿಯವರ ತಲೆಗೆ ಕಟ್ಟುವುದು ಅನ್ಯಾಯ. ನಮ್ಮ ಅದೃಷ್ಟಕ್ಕೆ ಕ್ಲಿಯರಿಂಗ್ ಏಜೆಂಟಿನ ಹುಡುಗ ಹುಷಾರಿದ್ದ. 10ನೇ ತಾರೀಕು ಬೆಳಿಗ್ಗೆಯೇ ಖಾಲಿ ಸಮಯಗಳು ಕಾಣುವ ಸ್ಕ್ರೀನಿನ ಚಿತ್ರ ತೆಗೆದು ಟ್ರಾನ್ಸ್‌ಪೋರ್ಟಿನವರಿಗೆ ಈಮೇಲ್ ಮಾಡಿ, ನಮಗೂ ಕಾಪಿ ಹಾಕಿದ್ದ. ಆ ದಿನ ನಮ್ಮ ಕಂಟೇನರುಗಳಿಗೆ ಅವರು ಒಂದೂ ಅಪಾಯಿಂಟ್‌ಮೆಂಟ್ ತೆಗೆದಿರಲಿಲ್ಲ. ಈ ಎರಡು ಕಾಗದ ಒಟ್ಟಿಗೆ ಇಟ್ಟ ಮೇಲೆ ಅವರು ಆ ಮಾತು ಎತ್ತಲಿಲ್ಲ.

ನಿಜವಾದ ಕಾರಣ ಏನಂತ ನನಗೆ ಆ ಹುಡುಗ ಹೇಳಿದ್ದ. ಆ ವಾರ ಇನ್ನೊಬ್ಬ ಗಿರಾಕಿ ಹೆಚ್ಚು ಬಾಡಿಗೆ ಕೊಟ್ಟಿದ್ದ, ಲಾರಿಗಳು ಆ ಕಡೆ ಹೋಗಿದ್ದವು. ಇದನ್ನು ನಾನು ಪತ್ರದಲ್ಲಿ ಬರೆಯಲಿಲ್ಲ, ಮೀಟಿಂಗಿನಲ್ಲೂ ಹೇಳಲಿಲ್ಲ. ಬರೆದರೆ ಯಾರು ಹೇಳಿದ್ದು ಅಂತ ಹುಡುಕುತ್ತಾರೆ, ಹುಡುಕಿದರೆ ಅವನ ಕೆಲಸ ಹೋಗುತ್ತದೆ. ಕಾಗದದಲ್ಲಿ ಸಿಗುವ ಸಾಕ್ಷಿ ಸಾಕಾಗುವಾಗ ಮನುಷ್ಯನನ್ನು ಸಾಕ್ಷಿ ನಿಲ್ಲಿಸುವುದು ಬೇಡ.

ಅವರ ಎರಡನೇ ಕಾರಣ 14ನೇ ತಾರೀಕು ಲಾರಿ ಕೆಟ್ಟಿತು ಎಂಬುದು. ವರ್ಕ್‌ಶಾಪಿನ ಬಿಲ್ಲೂ ತೋರಿಸಿದರು. ಇರಬಹುದು. ಆದರೆ ಕೆಟ್ಟರೆ ಬದಲಿ ಲಾರಿ ಕೊಡಬೇಕು ಅಂತ ಕರಾರಿನಲ್ಲಿತ್ತು. ಅದು ಬೇಗ ಮುಗಿಯಿತು.

ಮೂರನೆಯದೇ ನಮಗೆ ನಿಜವಾಗಿ ತಾಗಿದ್ದು. ಅವರ ಮ್ಯಾನೇಜರ್ ಒಬ್ಬ ಹಳೆಯ ಸುಡಾನಿ, ಒಳ್ಳೆಯ ಲೆಕ್ಕದ ಮನುಷ್ಯ. ಅವನು ಕೇಳಿದ: "ನಾವು ತಪ್ಪಿದ್ದೇವೆ, ಒಪ್ಪುತ್ತೇನೆ. ಆದರೆ ನಾವು ತಪ್ಪಿದ 24 ಗಂಟೆಯ ನಂತರ ನೋಟೀಸ್ ಕೊಟ್ಟು ಹೊರಗಿನ ಲಾರಿ ತೆಗೆದುಕೊಳ್ಳಬಹುದು, ಹೆಚ್ಚಾದ ಬಾಡಿಗೆ ನಮ್ಮ ಮೇಲೆ ಅಂತ ಕರಾರಿನಲ್ಲಿ ಉಂಟಲ್ಲ. ನೀವು ಯಾಕೆ ತೆಗೆದುಕೊಳ್ಳಲಿಲ್ಲ? ಮಾರ್ಕೆಟಿನಲ್ಲಿ ಆಗ 900 ರಿಯಾಲಿಗೆ ಲಾರಿ ಇತ್ತು."

ಇದು ಬರೀ ವಾದ ಅಲ್ಲ. ಈ ದೇಶದಲ್ಲಿ 2023ರ ಡಿಸೆಂಬರಿನಿಂದ ಜಾರಿಯಲ್ಲಿರುವ ಸಿವಿಲ್ ವ್ಯವಹಾರಗಳ ಕಾನೂನಿನಲ್ಲೂ ಈ ಮಾತು ಉಂಟು. ನಷ್ಟ ಆದವನು ಸಾಮಾನ್ಯ ಪ್ರಯತ್ನ ಮಾಡಿ ತಪ್ಪಿಸಬಹುದಾಗಿದ್ದ ನಷ್ಟವನ್ನು ಎದುರಿನವನಿಂದ ಕೇಳಲು ಆಗುವುದಿಲ್ಲ. ನಷ್ಟದಲ್ಲಿ ಅವನ ಪಾಲೂ ಇದ್ದರೆ ಅಷ್ಟು ಕಡಿಮೆಯಾಗುತ್ತದೆ. ಬೆಂಕಿ ಹಚ್ಚಿದ್ದು ಪಕ್ಕದ ಮನೆಯವನೇ ಇರಲಿ, ನೀರಿನ ಕೊಡ ಕೈಯಲ್ಲಿ ಇಟ್ಟುಕೊಂಡು ನೋಡುತ್ತಾ ನಿಂತದ್ದಕ್ಕೆ ನಾವೂ ಉತ್ತರ ಹೇಳಬೇಕು.

ನಮ್ಮಲ್ಲಿ ಉತ್ತರ ಅರ್ಧ ಇತ್ತು. 10, 12, 14, ಈ ಮೂರೂ ದಿನ ಅವರ ಕಡೆಯಿಂದ ಈಮೇಲ್ ಬಂದಿತ್ತು. 14ರದ್ದರಲ್ಲಿ "ನಾಳೆ ಉಳಿದ ಆರೂ ಲಾರಿ ಖಂಡಿತ" ಅಂತ ಬರೆದಿದ್ದರು. ಖಂಡಿತ ಅಂತ ಬರೆದುಕೊಟ್ಟ ಮೇಲೆ ಕಾದದ್ದು ನಮ್ಮ ತಪ್ಪಲ್ಲ. ಇದೇ ಮಾತು ಫೋನಿನಲ್ಲಿ ಮಾತ್ರ ಹೇಳಿದ್ದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಸ್ಟೋರಿನವರು ಪ್ರತಿ ಫೋನಿನ ನಂತರ "ನೀವು ಈಗ ಹೇಳಿದ್ದನ್ನು ಬರೆದು ಕಳಿಸಿ" ಅಂತ ಒಂದು ಮೆಸೇಜ್ ಹಾಕುತ್ತಿದ್ದರು, ಅದು ಕಾಪಾಡಿತು. ಆದರೆ 15ನೇ ತಾರೀಕು ಆರರ ಬದಲು ಎರಡೇ ಲಾರಿ ಬಂದ ಮೇಲೂ ನಾವು ಸುಮ್ಮನೆ ಕೂತದ್ದಕ್ಕೆ ಉತ್ತರ ಇರಲಿಲ್ಲ. ಆಗ ಉಳಿದದ್ದು 4 ಕಂಟೇನರ್.

ಸುಡಾನಿ ಮ್ಯಾನೇಜರ್ ಮತ್ತು ನಾನು ಒಂದೇ ಕ್ಯಾಲ್ಕುಲೇಟರಿನಲ್ಲಿ ಕೂತು ಲೆಕ್ಕ ಹಾಕಿದೆವು. 16ಕ್ಕೆ ಹೊರಗಿನ ಲಾರಿ ಹಿಡಿದಿದ್ದರೆ ಆ 4 ಕಂಟೇನರ್ 17ಕ್ಕೆ ಡಿಪೋ ಸೇರುತ್ತಿದ್ದವು. ಒಂದೊಂದಕ್ಕೆ 5 ದಿನ, ಒಂದೊಂದು ಸಾವಿರ, ಒಟ್ಟು 4,000. ಬಾಡಿಗೆಯ ಅಂತರ 250ರಂತೆ ಇನ್ನೊಂದು 1,000. ಅಂದರೆ 5,000ದಲ್ಲಿ ಮುಗಿಯುತ್ತಿತ್ತು. ನಮ್ಮ ಪಟ್ಟಿಯಲ್ಲಿ ಆ ನಾಲ್ಕಕ್ಕೆ ಕೇಳಿದ್ದು 7,200. ಅಂತರ 2,200. ಅದನ್ನು ಬಿಟ್ಟೆವು. ಉಳಿದದ್ದು 6,400.

ಆಮೇಲೆ ಅವನು ಮೆಲ್ಲಗೆ ಇನ್ನೊಂದು ಕಾಗದ ಹೊರಗೆ ತೆಗೆದ. ಹಾಲ್ಟಿಂಗ್. ಗೇಟಿನಲ್ಲಿ 6 ಗಂಟೆ ಫ್ರೀ, ಆಮೇಲೆ ಒಂದು ಲಾರಿಗೆ ದಿನಕ್ಕೆ 300 ರಿಯಾಲ್, ದಿನದ ಭಾಗವೂ ಒಂದು ದಿನ. 17ರ ಮಧ್ಯಾಹ್ನ 2ರಿಂದ 19ರ ಬೆಳಿಗ್ಗೆ 10ರ ತನಕ 44 ಗಂಟೆ, 6 ಕಳೆದರೆ 38, ಅಂದರೆ ಎರಡು ದಿನ. ಎರಡು ಲಾರಿಗೆ 1,200, ವ್ಯಾಟ್ ಬೇರೆ. ನಮ್ಮದೇ ಸೆಕ್ಯೂರಿಟಿಯ ಸಹಿ. ಏನು ಹೇಳುವುದು? ಒಪ್ಪಿದೆವು. ಕೈಗೆ ಬಂದದ್ದು 5,200 ರಿಯಾಲ್, ಎರಡು ತಿಂಗಳ ಬಾಡಿಗೆಯಲ್ಲಿ ಹೊಂದಿಸಿಕೊಳ್ಳುವುದು ಅಂತ ಎರಡೂ ಕಡೆಯ ಸಹಿ ಆಯಿತು.

11,730 ಕೇಳಿ 5,200ಕ್ಕೆ ಬಂದದ್ದು ಸೋಲು ಅಂತ ಕೆಲವರು ಹೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಒಪ್ಪಂದ ಆಗದಿದ್ದರೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಅದಕ್ಕೆ ಮೊದಲು ಬರೆದು ನೋಟೀಸ್ ಕೊಟ್ಟು 15 ದಿನ ಕಾಯಬೇಕು, ಆಮೇಲೆ ನಾಜಿಝ್‌ನಲ್ಲಿ ಕೇಸು ಹಾಕಬೇಕು, ಕಾಗದಗಳ ಅರಬಿ ಅನುವಾದ, ವಕೀಲ. ಇಷ್ಟು ಮೊತ್ತಕ್ಕೆ ಆ ಖರ್ಚು ಹೆಚ್ಚು. ಅಲ್ಲಿ ಹೋಗಿದ್ದರೂ ಡಿ.ಓ. ತಾರೀಕು 9ರದ್ದೇ ಇರುತ್ತಿತ್ತಲ್ಲ.

ಇನ್ನು ಡ್ರೈವರುಗಳ ವಿಷಯ. ಸೌದಿ ಕಾರ್ಮಿಕ ಕಾನೂನಿನಲ್ಲಿ ಕೆಲಸಗಾರನ ತಪ್ಪಿನಿಂದ ಯಜಮಾನನ ಯಂತ್ರ, ಸಾಮಾನು ಹಾಳಾದರೆ ಸಂಬಳದಿಂದ ಕಡಿಯಲು ಅವಕಾಶ ಉಂಟು. ಅದಕ್ಕೂ ಮಿತಿ ಉಂಟು, ಒಂದು ತಿಂಗಳಲ್ಲಿ 5 ದಿನದ ಸಂಬಳಕ್ಕಿಂತ ಹೆಚ್ಚು ಕಡಿಯುವ ಹಾಗಿಲ್ಲ. ಕಡಿತದ ಮೇಲೆ ಅವನು ದೂರು ಕೊಡಬಹುದು. ಆದರೆ ನಮ್ಮ ಕೇಸಿನಲ್ಲಿ ಲಾರಿಯೂ ಹಾಳಾಗಲಿಲ್ಲ, ಸಾಮಾನೂ ಹಾಳಾಗಲಿಲ್ಲ. ಲಾರಿಯನ್ನು ಯಾವ ಕಡೆ ಕಳಿಸುವುದು ಅಂತ ನಿರ್ಧರಿಸಿದವನು ಡ್ರೈವರ್ ಅಲ್ಲ. ಎರಡು ಕಂಪೆನಿಗಳ ನಡುವಿನ ಕ್ಲೇಮಿನ ಹಣವನ್ನು ಅವನ ಸಂಬಳಕ್ಕೆ ಇಳಿಸಲು ದಾರಿ ಇಲ್ಲ. ಯಾವುದಕ್ಕೆ ಅಂತ ಓದದೆ ಅರಬಿ ಕಾಗದಕ್ಕೆ ಸಹಿ ಮಾತ್ರ ಹಾಕಬೇಡಿ. ಒಪ್ಪಿ ಸಹಿ ಹಾಕಿದ ಮೇಲೆ ಮಾತು ಬೇರೆಯಾಗುತ್ತದೆ.

ಎರಡನೇ ಪತ್ರದ ಕೊನೆಗೆ ನಾನು ಒಂದು ಸಾಲು ಸೇರಿಸಿದ್ದೆ: "ಈ ತಡ ವಾಹನ ಹಂಚಿಕೆಯಿಂದ ಆದದ್ದು. ಚಾಲಕರ ನಡವಳಿಕೆಯ ಬಗ್ಗೆ ನಮ್ಮ ದೂರು ಇಲ್ಲ. 17ರಂದು ಬಂದ ಇಬ್ಬರು ಚಾಲಕರು ನಮ್ಮ ಗೇಟಿನಲ್ಲಿ ಕಾಯಬೇಕಾದದ್ದು ನಮ್ಮ ಕಾರಣದಿಂದ." ಇನ್ನೊಬ್ಬರ ಸಂಬಳದ ವಿಷಯ ನಮಗೆ ಸಂಬಂಧ ಇಲ್ಲ ಅಂತ ಮುದೀರ್ ಹೇಳಬಹುದು ಎಂಬ ಹೆದರಿಕೆ ಇತ್ತು. ಅವರು ಓದಿದರು, ಏನೂ ಹೇಳಲಿಲ್ಲ.

ಡ್ರೈವರ್ ಕೆಲಸದಲ್ಲಿ ಇರುವವರು ಆ ಹುಡುಗ ಮಾಡಿದ್ದನ್ನೇ ಮಾಡಿ. ಒಳಗೆ ಹೋದ ಗಂಟೆ, ಹೊರಗೆ ಬಂದ ಗಂಟೆ ಡೆಲಿವರಿ ನೋಟಿನ ಮೇಲೆಯೇ ಬರೆಸಿ, ಸಹಿ ಹಾಕಿಸಿ, ಕಾಗದ ಆಫೀಸಿಗೆ ಕೊಡುವ ಮೊದಲು ಫೋಟೋ ತೆಗೆದಿಡಿ. ಗಂಟೆ ಬರೆಯಲು ಸೆಕ್ಯೂರಿಟಿಯವರು ಒಪ್ಪದಿದ್ದರೆ ಗೇಟಿನ ಎದುರು ಲಾರಿ ನಿಂತ ಫೋಟೋ ತೆಗೆದು ಆಗಲೇ ಸೂಪರ್‌ವೈಸರಿಗೆ ವಾಟ್ಸಾಪ್ ಮಾಡಿ, ಕಳಿಸಿದ ಸಮಯ ಅದರಲ್ಲೇ ಇರುತ್ತದೆ.

ನಮ್ಮ ಆಫೀಸಿನಲ್ಲಿ ಈಗ ಡಿ.ಓ. ಹಣಕ್ಕೆ ವಾರದ ಪಟ್ಟಿ ಇಲ್ಲ, ಬಿಲ್ಲು ಬಂದ ದಿನವೇ ಹೋಗುತ್ತದೆ. ಫ್ರೀ ದಿನ ಮುಗಿಯುವ ತಾರೀಕನ್ನು ಸ್ಟೋರಿನ ಗೋಡೆಯ ಬೋರ್ಡಿನಲ್ಲಿ ಬರೆಯುತ್ತಾರೆ. ಲಾರಿ ಒಂದು ದಿನ ತಪ್ಪಿದರೆ ಅದೇ ಸಂಜೆ ನೋಟೀಸ್, ಮರುದಿನ ಹೊರಗಿನ ಲಾರಿ.

ಬಂಟ್ವಾಳದ ಹುಡುಗನಿಗೆ ಮುಂದಿನ ತಿಂಗಳ ಸಂಬಳದಲ್ಲಿ 1,500 ವಾಪಸ್ ಬಂತು. ಇನ್ನೊಬ್ಬ ಉತ್ತರ ಪ್ರದೇಶದವನು. ಅವನು ಅಷ್ಟರಲ್ಲಿ ಎಕ್ಸಿಟ್ ಹೊಡೆದು ಊರಿಗೆ ಹೋಗಿ ಆಗಿತ್ತು. ಅವನ ಕೊನೆಯ ಲೆಕ್ಕದಲ್ಲಿ ಆ ಹಣ ಕಡಿದದ್ದು ಕಡಿದ ಹಾಗೆಯೇ ಉಂಟು. ಆ ಸುಡಾನಿ ಮ್ಯಾನೇಜರಿಗೆ ನಾನು ಎರಡು ಸಲ ಫೋನ್ ಮಾಡಿದ್ದೇನೆ. ನೋಡುತ್ತೇನೆ ಅಂದಿದ್ದಾನೆ. ಈ ವಾರ ಮತ್ತೆ ಮಾಡುತ್ತೇನೆ.